ತಾರಸಿ ಎಲ್ಲರದು, ಯೂನಿಟ್ ಯಾರದು? ಸೌರ ವಿದ್ಯುತ್ ಹಂಚಿಕೆ ಕುರಿತು ಫ್ಲ್ಯಾಟ್ ಮಾಲೀಕರ ಹಕ್ಕೊತ್ತಾಯ ಪತ್ರ

ಇವರಿಗೆ:
ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಕಾರ್ಯಕಾರಿ ಸಮಿತಿ, ಯಲಹಂಕ
ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ (ಬೆಸ್ಕಾಂ)
ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ)

ಮಾನ್ಯರೆ,

ನಾವು ಯಲಹಂಕದ ಒಂದು ಅಪಾರ್ಟ್‌ಮೆಂಟಿನ 24 ಮನೆಗಳ ಮಾಲೀಕರು. ಕೆಳಗೆ ಪಾರ್ಕಿಂಗ್, ಅದರ ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಆರು ಮನೆ. ಹದಿನಾರು ಮನೆಗಳು ಎರಡು ಬೆಡ್‌ರೂಮಿನವು, ಒಂದೊಂದೂ ಸಾವಿರ ಚದರಡಿ. ಎಂಟು ಮನೆಗಳು ಮೂರು ಬೆಡ್‌ರೂಮಿನವು, ಒಂದೊಂದೂ ಸಾವಿರದೈನೂರು ಚದರಡಿ. ತಾರಸಿಯ ಮೇಲೆ 20 ಕಿಲೋವ್ಯಾಟ್ ಸೋಲಾರ್ ಹಾಕಿಸುವ ಪ್ರಸ್ತಾವ ಸಮಿತಿಯ ಮುಂದಿದೆ. ಅದು ಬೇಡ ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಪ್ಯಾನೆಲ್ ಮಾರಲು ಬಂದವರು ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿ, ‘ಎಲ್ಲರಿಗೂ ಲಾಭ’ ಎಂದು ಹತ್ತು ಸಲವಾದರೂ ಹೇಳಿದರು. ಯಾರಿಗೆ ಎಷ್ಟು ಎಂದು ಎರಡನೇ ಅಂತಸ್ತಿನ ಅಮ್ಮ ಒಬ್ಬರು ಕೇಳಿದಾಗ, ‘ಅದನ್ನೆಲ್ಲ ನೀವು ನೀವೇ ಮಾಡ್ಕೊಳ್ಳಿ ಮೇಡಂ’ ಅಂದರು. ಹಾಗೆ ‘ಮಾಡಿಕೊಳ್ಳುವುದು’ ಹೇಗೆ ಎನ್ನುವುದಕ್ಕಾಗಿಯೇ ಈ ಪತ್ರ.

ನಮಗೆ ಹಳೆಯ ಅನುಭವವೊಂದಿದೆ. ಕಟ್ಟಡ ಕಟ್ಟಿದಾಗ ಬಿಲ್ಡರ್ ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್ ಕೂರಿಸಿ, ಪೈಪನ್ನು ಎಲ್ಲ ಮನೆಗೂ ಎಳೆದಿದ್ದರು. ನಾಲ್ಕನೇ ಅಂತಸ್ತಿನಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುತ್ತದೆ. ಮೊದಲನೇ ಅಂತಸ್ತಿನಲ್ಲಿ ಎರಡು ಬಕೆಟ್ ತಣ್ಣೀರು ಹರಿದುಹೋದ ಮೇಲೆ ಉಗುರುಬೆಚ್ಚಗಿನದು ಬರುತ್ತದೆ. ಅಷ್ಟು ಹೊತ್ತಿಗೆ ಮೇಲಿನವರ ಸ್ನಾನ ಮುಗಿದು ಟ್ಯಾಂಕ್ ತಣ್ಣಗಾಗಿರುತ್ತದೆ. ಕೆಳಗಿನವರು ಒಬ್ಬೊಬ್ಬರಾಗಿ ಗೀಸರ್ ಹಾಕಿಸಿಕೊಂಡರು. ಹೀಟರ್ ರಿಪೇರಿಯ ಖರ್ಚನ್ನು ಮಾತ್ರ ಇವತ್ತಿಗೂ 24 ಮನೆಯವರೂ ಕೊಡುತ್ತಿದ್ದಾರೆ. ಹೆಬ್ಬಾಳ, ಆರ್.ಟಿ. ನಗರದ ಹಳೆಯ ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮ ನೆಂಟರಿಷ್ಟರನ್ನು ಕೇಳಿದರೂ ಇದೇ ಕಥೆ. ಬಿಸಿನೀರಿಗಾದರೆ ಪೈಪು ದೂರವಾಯಿತು ಎನ್ನುವ ನೆಪವಿತ್ತು. ವಿದ್ಯುತ್ತಿಗೆ ಆ ನೆಪವೂ ಇಲ್ಲ, ಅದರ ಹಂಚಿಕೆ ಪೂರ್ತಿ ಕಾಗದದ ಮೇಲಿನ ಲೆಕ್ಕ. ಆದ್ದರಿಂದ ಮೊದಲ ಕಂತಿನ ಹಣ ಕೊಡುವ ಮುನ್ನ ನಮ್ಮ ಒತ್ತಾಯಗಳನ್ನು ಇಲ್ಲಿ ದಾಖಲಿಸುತ್ತಿದ್ದೇವೆ.

1. ತಾರಸಿ ಯಾರದೆಂಬುದು ಮೊದಲು ನಿರ್ಣಯದಲ್ಲಿ ಬರಲಿ

‘ನಮ್ಮ ತಲೆಯ ಮೇಲಿನ ತಾರಸಿ’ ಎಂದು ನಾಲ್ಕನೇ ಅಂತಸ್ತಿನವರು ಮಾತಿನಲ್ಲಿ ಹೇಳುವುದುಂಟು. ಸೋರಿದರೆ ಅವರ ಮನೆಯೇ ಸೋರುವುದರಿಂದ ಆ ಮಾತಿಗೆ ಒಂದು ಕಾರಣವೂ ಇದೆ. ಆದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಮೇಲ್ಛಾವಣಿ ಸಾಮಾನ್ಯ ಸ್ವತ್ತು. ಪ್ರತಿ ಮಾಲೀಕರಿಗೂ ಅದರಲ್ಲಿ ಅವಿಭಜಿತ ಪಾಲಿದೆ, ಆ ಪಾಲಿನ ಶೇಕಡಾವಾರು ಘೋಷಣಾ ಪತ್ರದಲ್ಲೇ ಬರೆದಿದೆ. ಸಾಮಾನ್ಯ ಸ್ವತ್ತಿನಿಂದ ಬರುವ ಲಾಭವನ್ನು ಅದೇ ಶೇಕಡಾವಾರಿನಲ್ಲಿ ಹಂಚಬೇಕು, ಖರ್ಚನ್ನೂ ಅದೇ ಶೇಕಡಾವಾರಿನಲ್ಲಿ ಹಾಕಬೇಕು ಎಂಬುದು ಆ ಕಾಯ್ದೆಯ ನಿಯಮ. ಬಿಸಿಲು ಬಿದ್ದು ಹುಟ್ಟುವ ಯೂನಿಟ್ ಸಾಮಾನ್ಯ ಸ್ವತ್ತಿನ ಲಾಭವಲ್ಲದೆ ಮತ್ತೇನು?

ಆದ್ದರಿಂದ ಸಾಮಾನ್ಯ ಸಭೆಯ ನಿರ್ಣಯದ ಮೊದಲ ಸಾಲಿನಲ್ಲೇ ಈ ತಾರಸಿಯಲ್ಲಿ ಹುಟ್ಟುವ ಪ್ರತಿ ಯೂನಿಟ್ಟಿನಲ್ಲೂ 24 ಮನೆಗಳಿಗೂ ಪಾಲಿದೆ ಎಂದು ಬರೆಯಬೇಕು. ಪ್ಯಾನೆಲ್ ಚೌಕಟ್ಟಿನ ಬೋಲ್ಟ್‌ಗೆ ಕೊರೆದ ತೂತಿನಿಂದ ನೀರು ಇಳಿದರೆ ಅದರ ರಿಪೇರಿ ಸಂಘದ ಖರ್ಚು, ನಾಲ್ಕನೇ ಅಂತಸ್ತಿನವರದಲ್ಲ ಎಂಬುದು ಎರಡನೇ ಸಾಲಾಗಬೇಕು. ಈ ಎರಡನ್ನೂ ಜೊತೆಗೆ ಬರೆದರೆ ಮೇಲಿನವರಿಗೂ ಸಮಾಧಾನ, ಕೆಳಗಿನವರಿಗೂ ಸಮಾಧಾನ.

2. ತಾರಸಿ ಅಳೆದು ಲೆಕ್ಕ ಹೇಳಿ

ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು ನೂರು ಚದರಡಿ ಜಾಗ ಬೇಕು, ಅದೂ ನೆರಳು ಬೀಳದ ಜಾಗ. ನಮ್ಮ ತಾರಸಿ ನೋಡಲು ದೊಡ್ಡದೇ. ಅದರಲ್ಲಿ ಲಿಫ್ಟ್ ರೂಮು, ಓವರ್‌ಹೆಡ್ ಟ್ಯಾಂಕು, ಮೆಟ್ಟಿಲ ಮನೆ, ಆ ಹೀಟರುಗಳು, ಬಟ್ಟೆ ಒಣಹಾಕುವ ಜಾಗ ಇವನ್ನೆಲ್ಲ ಕಳೆದು, ಟ್ಯಾಂಕಿನ ನೆರಳು ಮಧ್ಯಾಹ್ನ ಎಲ್ಲಿಗೆ ಬೀಳುತ್ತದೆಂದು ಸುಣ್ಣದಲ್ಲಿ ಗೆರೆ ಎಳೆದು ನೋಡಿದಾಗ ನಮಗೆ ಸಿಕ್ಕಿದ್ದು ಎರಡು ಸಾವಿರ ಚದರಡಿ. ಅಂದರೆ 20 ಕಿಲೋವ್ಯಾಟ್. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಹಾಗಾಗಿ ನಮ್ಮ ಒಟ್ಟು ಉತ್ಪಾದನೆ ವರ್ಷಕ್ಕೆ 28,000, ತಿಂಗಳಿಗೆ ಸರಾಸರಿ 2,300 ಯೂನಿಟ್. ಮಾರ್ಚಿನಲ್ಲಿ ಇದಕ್ಕಿಂತ ಹೆಚ್ಚು, ಜುಲೈನ ಮೋಡದಲ್ಲಿ ಕಡಿಮೆ.

‘ನೀವೇ ಒಂದು ಪವರ್ ಪ್ಲಾಂಟ್ ಆಗ್ತೀರಿ ಸಾರ್’ ಎಂದೂ ಪ್ಯಾನೆಲ್ ಮಾರಲು ಬಂದವರು ಸಭೆಯಲ್ಲಿ ಹೇಳಿದರು. ಪವರ್ ಪ್ಲಾಂಟ್ ಯಲಹಂಕದಲ್ಲಿ ಈಗಾಗಲೇ ಇದೆ, ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವ್ಯಾಟ್ ಅನಿಲ ಸ್ಥಾವರ. ನಮ್ಮದು ಅದರ ಹದಿನೆಂಟೂವರೆ ಸಾವಿರದಲ್ಲಿ ಒಂದು ಪಾಲು. ಅಂಥ ಮಾತು ಕೇಳಿ ಕೈ ಎತ್ತಿದರೆ ಮೊದಲ ಬಿಲ್ ಬಂದ ದಿನವೇ ಜಗಳ.

ಯಶವಂತಪುರದ ಕಡೆಯ ಎತ್ತರದ ಗೋಪುರಗಳಲ್ಲಿರುವ ಮಿತ್ರರಿಗೂ ಒಂದು ಮಾತು. ಮನೆ 200, ನೆರಳಿಲ್ಲದ ತಾರಸಿ ಎಂಟು ಸಾವಿರ ಚದರಡಿ ಎಂದಿಟ್ಟುಕೊಂಡರೆ 80 ಕಿಲೋವ್ಯಾಟ್ ಆಗುತ್ತದೆ, ತಿಂಗಳಿಗೆ ಮನೆಗೆ 47 ಯೂನಿಟ್ಟಿನ ಹತ್ತಿರ ಬರುತ್ತದೆ. ಅದಷ್ಟನ್ನೂ ಲಿಫ್ಟು, ಪಂಪು, ಎಸ್‌ಟಿಪಿಗಳೇ ನುಂಗಿಬಿಡಬಹುದು. ಅಂಥಲ್ಲಿ ಮನೆಮನೆಗೆ ಹಂಚುತ್ತೇವೆ ಎಂದು ಹೇಳದೇ ಇರುವುದೇ ಪ್ರಾಮಾಣಿಕತೆ. ಸಾಮಾನ್ಯ ಬಿಲ್ಲಿಗೆ ಹಾಕಿ ಮೇಂಟೆನೆನ್ಸ್ ಇಳಿಸಿದರೆ ಸಾಕು.

3. ಸಾಮಾನ್ಯ ಮೀಟರಿನ ಪಾಲು ಮೊದಲು

ನಮ್ಮ ಲಿಫ್ಟು, ಬೋರ್‌ವೆಲ್, ಸಂಪಿನ ಮೋಟರು, ಮೆಟ್ಟಿಲು ಮತ್ತು ಪಾರ್ಕಿಂಗ್ ದೀಪಗಳು ಸೇರಿ ತಿಂಗಳಿಗೆ ಸುಮಾರು 1,100 ಯೂನಿಟ್ ಬಳಸುತ್ತವೆ. ಈ ಬಿಲ್ಲನ್ನು ಈಗಲೂ ಎಲ್ಲರೂ ಸೇರಿ ಕಟ್ಟುತ್ತಿದ್ದೇವೆ. ಈ ಮೀಟರಿಗೆ ಯೂನಿಟ್ ಹೋದರೆ ಬಾಡಿಗೆದಾರ, ಮಾಲೀಕ, ಖಾಲಿ ಮನೆ ಎಂಬ ಭೇದವಿಲ್ಲದೆ ಪ್ರತಿ ಮನೆಯ ಮೇಂಟೆನೆನ್ಸ್ ಇಳಿಯುತ್ತದೆ. ಹಂಚಿಕೆಯ ತಕರಾರು ಅತಿ ಕಡಿಮೆ ಇರುವುದು ಇಲ್ಲೇ. ಆದ್ದರಿಂದ ಉತ್ಪಾದನೆಯ ಅರ್ಧದ ಹತ್ತಿರ ಇಲ್ಲಿಗೆ, ಉಳಿದ ಸುಮಾರು 1,200 ಯೂನಿಟ್ ಮನೆಗಳಿಗೆ.

4. ಹಣ ಯಾವ ಅಳತೆಯಲ್ಲಿ ಬಂತೋ ಯೂನಿಟ್ ಅದೇ ಅಳತೆಯಲ್ಲಿ ಹೋಗಲಿ

ಉಳಿದ 1,200 ಯೂನಿಟ್ ಹಂಚುವುದರ ಮೇಲೆ ನಮ್ಮಲ್ಲಿ ಮೂರು ಸಭೆ ನಡೆದಿವೆ. ಒಂದರಲ್ಲಿ ಕುರ್ಚಿ ಸರಿಸಿಕೊಂಡು ಎದ್ದುಹೋದವರೂ ಇದ್ದಾರೆ. ಮನೆಗೆ ಇಷ್ಟೆಂದು ಸಮವಾಗಿ ಹಂಚಿದರೆ ತಲಾ 50 ಯೂನಿಟ್. ಚದರಡಿಯ ಲೆಕ್ಕದಲ್ಲಿ ಹಂಚಿದರೆ ಒಟ್ಟು 28,000 ಚದರಡಿಗೆ 1,200 ಯೂನಿಟ್, ಅಂದರೆ ಎರಡು ಬೆಡ್‌ರೂಮಿಗೆ 43, ಮೂರು ಬೆಡ್‌ರೂಮಿಗೆ 64. ಎರಡು ಬೆಡ್‌ರೂಮಿನವರಿಗೆ ಏಳು ಯೂನಿಟ್ ನಷ್ಟ. ಯೂನಿಟ್ಟಿಗೆ 2025-26ರ ಮನೆ ಬಳಕೆ ದರ 5.80 ರೂಪಾಯಿ ಹಿಡಿದರೆ ತಿಂಗಳಿಗೆ ನಲವತ್ತು ರೂಪಾಯಿ. ನಾವು ಮೂರು ಸಭೆ ಹೊಡೆದಾಡಿದ್ದು ಈ ನಲವತ್ತು ರೂಪಾಯಿಗೆ ಎಂದು ಗೊತ್ತಾದಾಗ ಎಲ್ಲರೂ ನಕ್ಕುಬಿಟ್ಟೆವು.

ಆದರೆ ನಗು ನಿಂತಮೇಲೆ ಕಂಡದ್ದು ಬೇರೆ. ಸಮಿತಿಯ ಮೊದಲ ಕರಡಿನಲ್ಲಿ ಯೂನಿಟ್ ಚದರಡಿ ಲೆಕ್ಕದಲ್ಲಿತ್ತು, ಹಣ ಮಾತ್ರ ಮನೆಗೆ ಇಷ್ಟೆಂದು ಸಮವಾಗಿತ್ತು. ಕಿಲೋವ್ಯಾಟಿಗೆ 55,000 ರೂಪಾಯಿಯಂತೆ ಒಟ್ಟು ಖರ್ಚು 11 ಲಕ್ಷ. ಸಮವಾಗಿ ಹಾಕಿದರೆ ಪ್ರತಿ ಮನೆಗೂ 45,833 ರೂಪಾಯಿ. ಚದರಡಿಯಲ್ಲಿ ಹಾಕಿದ್ದರೆ ಎರಡು ಬೆಡ್‌ರೂಮಿನವರು ಕೊಡಬೇಕಾದದ್ದು 39,286, ಮೂರು ಬೆಡ್‌ರೂಮಿನವರು 58,929. ಅಂದರೆ ಕರಡಿನ ಪ್ರಕಾರ ಚಿಕ್ಕ ಮನೆಯವರು ಆರೂವರೆ ಸಾವಿರ ಹೆಚ್ಚು ಕೊಟ್ಟು ಏಳು ಯೂನಿಟ್ ಕಡಿಮೆ ಪಡೆಯುತ್ತಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ ಎಂದೇ ನಂಬುತ್ತೇವೆ. ಖರ್ಚಿನ ಹಾಳೆಯನ್ನು ಒಬ್ಬರು, ಯೂನಿಟ್ಟಿನ ಹಾಳೆಯನ್ನು ಇನ್ನೊಬ್ಬರು ಮಾಡಿದ್ದರು.

ಆದ್ದರಿಂದ ನಮ್ಮ ಒತ್ತಾಯ ಇದು: ಖರ್ಚು, ಯೂನಿಟ್ಟು, ಮುಂದಿನ ರಿಪೇರಿ ಮೂರಕ್ಕೂ ಒಂದೇ ಅನುಪಾತವಿರಲಿ, ಅದು ಘೋಷಣಾ ಪತ್ರದ ಅವಿಭಜಿತ ಪಾಲಿನ, ಅಂದರೆ ಚದರಡಿಯ, ಅನುಪಾತವಾಗಿರಲಿ. ಯಾರು ಹೆಚ್ಚು ಬಳಸುತ್ತಾರೋ ಅವರಿಗೆ ಹೆಚ್ಚು ಎಂಬ ಇನ್ನೊಂದು ಸಲಹೆಯೂ ಬಂದಿತ್ತು. ಅದನ್ನು ಒಪ್ಪುವುದಿಲ್ಲ. ಮೂರು ಎಸಿ ಹಾಕಿಕೊಂಡವರಿಗೆ ಬಹುಮಾನ, ಫ್ಯಾನಿನಲ್ಲೇ ಬೇಸಿಗೆ ಕಳೆದವರಿಗೆ ದಂಡ ಎಂಬಂತಾಗುತ್ತದೆ.

ಇನ್ನೊಂದು ಸಣ್ಣ ಸಂಗತಿ. ಬಿಲ್ಲಿಂಗ್‌ಗೆ ಬೇಕಾಗುವುದು ಯೂನಿಟ್ ಅಲ್ಲ, ಶೇಕಡಾವಾರು. ಮಳೆಗಾಲದಲ್ಲಿ ಉತ್ಪಾದನೆ ಇಳಿದಾಗ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಲಿ ಎಂಬುದಕ್ಕೂ ಶೇಕಡಾವಾರೇ ಸರಿ. ಎರಡು ಬೆಡ್‌ರೂಮಿಗೆ 1.86, ಮೂರು ಬೆಡ್‌ರೂಮಿಗೆ 2.79 ಎಂದು ಬರೆದು ಕೂಡಿಸಿದರೆ 24 ಮನೆಗೆ 52.08 ಆಗುತ್ತದೆ. ಸಾಮಾನ್ಯ ಮೀಟರಿಗೆ 48 ಎಂದು ಬರೆದರೆ ಒಟ್ಟು ನೂರನ್ನು ದಾಟಿ ಅರ್ಜಿ ವಾಪಸು ಬರುತ್ತದೆ. ಆದ್ದರಿಂದ ಸಾಮಾನ್ಯ ಮೀಟರಿಗೆ 47.92. ದಶಮಾಂಶದ ಚೂರು ಏನೇ ಉಳಿದರೂ ಕೂಡಿದರೂ ಅದು ಸಾಮಾನ್ಯ ಮೀಟರಿನ ಲೆಕ್ಕಕ್ಕೆ, ಯಾವ ಮನೆಗೂ ಅಲ್ಲ.

5. ‘ಗೃಹಜ್ಯೋತಿ’ ಮನೆಗಳ ಪಾಲು ಗಾಳಿಗೆ ಹೋಗಬಾರದು

ಪುಣೆಯಲ್ಲೋ ಮತ್ತೆಲ್ಲೋ ಮಾಡಿದ ಲೆಕ್ಕವನ್ನು ತಂದು ಇಲ್ಲಿ ಅಂಟಿಸಲಾಗದು, ಏಕೆಂದರೆ ನಮ್ಮಲ್ಲಿ 2023ರ ಆಗಸ್ಟಿನಿಂದ ಗೃಹಜ್ಯೋತಿ ಇದೆ. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಬಿಲ್ ಸೊನ್ನೆ. 200 ದಾಟಿದರೆ ಪೂರ್ತಿ ಬಿಲ್. ನಮ್ಮ ಎರಡು ಬೆಡ್‌ರೂಮಿನ ಹದಿನಾರು ಮನೆಗಳಲ್ಲಿ ಹತ್ತು ಮನೆಗಳಿಗೆ ತಿಂಗಳು ತಿಂಗಳು ಸೊನ್ನೆ ಬಿಲ್ ಬರುತ್ತದೆ. ಆ ಹತ್ತು ಮನೆಗೆ ತಲಾ 43ರಂತೆ 430 ಯೂನಿಟ್ ಕ್ರೆಡಿಟ್ ಕೊಟ್ಟರೆ ಅದನ್ನು ಸೊನ್ನೆಯಲ್ಲಿ ಕಳೆಯುವುದು ಹೇಗೆ? ತಿಂಗಳಿಗೆ ಸುಮಾರು 2,500 ರೂಪಾಯಿ, ವರ್ಷಕ್ಕೆ 30,000 ರೂಪಾಯಿ ಬೆಲೆಯ ವಿದ್ಯುತ್ತು ಆ ಮನೆಯವರ ಕೈಗೆ ಸಿಗುವುದಿಲ್ಲ. ಆದರೆ ಪ್ಯಾನೆಲ್‌ಗೆ ಅವರೂ ತಲಾ 39,286 ಕೊಟ್ಟಿರುತ್ತಾರೆ.

ಹಾಗಾದರೆ ಅವರನ್ನು ಬಿಟ್ಟೇಬಿಡಿ, ಹಣವೂ ಬೇಡ ಯೂನಿಟ್ಟೂ ಬೇಡ ಎಂದರು ಕೆಲವರು. ಇದು ನಮಗೆ ಸರಿ ಕಾಣುವುದಿಲ್ಲ. ತಾರಸಿಯಲ್ಲಿ ಅವರ ಪಾಲಿದೆ, ನಾಳೆ ಮಗ ಮದುವೆಯಾಗಿ ಎಸಿ ಬಂದರೆ ಅವರೂ 200 ದಾಟುತ್ತಾರೆ. ನಮ್ಮ ಪರಿಹಾರ ಸರಳ. ಸೊನ್ನೆ ಬಿಲ್ಲಿನ ಮನೆಗಳ ಯೂನಿಟ್ಟನ್ನು ಪೂರ್ತಿ ಬಿಲ್ ಕಟ್ಟುವ 14 ಮನೆಗಳಿಗೆ ಹಂಚಿ. ತಲಾ 31 ಯೂನಿಟ್ಟಿನಷ್ಟು ಹೆಚ್ಚುತ್ತದೆ, ಅವರ ಬಳಕೆ ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಪಡೆದವರು ಯೂನಿಟ್ಟಿಗೆ ಐದು ರೂಪಾಯಿಯಂತೆ ಮೇಂಟೆನೆನ್ಸ್ ಬಿಲ್ಲಿನಲ್ಲಿ ಹೆಚ್ಚು ಕೊಡಲಿ, ಬಿಟ್ಟುಕೊಟ್ಟವರಿಗೆ ಅದೇ ಬಿಲ್ಲಿನಲ್ಲಿ ಕಡಿಮೆಯಾಗಲಿ. ಬಿಟ್ಟುಕೊಟ್ಟ ಮನೆಗೆ 43 ಯೂನಿಟ್ಟಿಗೆ 215 ರೂಪಾಯಿ ಉಳಿತಾಯ. ಪಡೆದವರಿಗೂ ಯೂನಿಟ್ಟಿಗೆ ಎಂಬತ್ತು ಪೈಸೆ, ಅದರ ಮೇಲಿನ ತೆರಿಗೆ ಉಳಿಯುತ್ತದೆ. ಯಾವ ಮನೆ ಯಾವ ಗುಂಪಿನಲ್ಲಿದೆ ಎಂಬುದನ್ನು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಮಾತ್ರ ಬದಲಿಸೋಣ. ತಿಂಗಳಿಗೊಮ್ಮೆ ಬದಲಿಸಿದರೆ ಖಜಾಂಚಿ ರಾಜೀನಾಮೆ ಕೊಡುತ್ತಾರೆ. ಈಗಿನವರು ಹಾಗೆಂದು ಮೊದಲೇ ಹೇಳಿದ್ದಾರೆ.

ಈ ವ್ಯವಸ್ಥೆಗೆ ಕೆಇಆರ್‌ಸಿಯಿಂದ ನಮಗೆ ಒಂದು ಸ್ಪಷ್ಟ ಮಾತು ಬೇಕು. ಪರವಾನಗಿ ಇಲ್ಲದೆ ವಿದ್ಯುತ್ ಮಾರುವಂತಿಲ್ಲ ಎಂಬುದು 2003ರ ವಿದ್ಯುತ್ ಕಾಯ್ದೆಯ ನಿಯಮ. ಸಂಘದ ಒಳಗೆ, ಸಾಮಾನ್ಯ ಸ್ವತ್ತಿನ ಪಾಲನ್ನು ಮೇಂಟೆನೆನ್ಸಿನಲ್ಲಿ ಸರಿದೂಗಿಸುವುದು ಮಾರಾಟವಲ್ಲ ಎಂದು ಆಯೋಗ ಆದೇಶದಲ್ಲೇ ಬರೆಯಬೇಕೆಂದು ಒತ್ತಾಯಿಸುತ್ತೇವೆ. ಹಾಗೆಯೇ ಗೃಹಜ್ಯೋತಿಯ 200 ಯೂನಿಟ್ ಮಿತಿಗೆ ಹಿಡಿಯುವುದು ಮನೆಯ ಒಟ್ಟು ಬಳಕೆಯೋ, ಸೌರ ಕ್ರೆಡಿಟ್ ಕಳೆದ ಬಳಕೆಯೋ ಎಂಬುದನ್ನು ಹಂಚಿಕೆಯಲ್ಲಿ ಸೇರಿದ ಪ್ರತಿ ಮನೆಯ ಬಿಲ್ಲಿನ ಮೇಲೂ ಬೆಸ್ಕಾಂ ಅಚ್ಚು ಹಾಕಬೇಕು.

6. ಬೆಸ್ಕಾಂಗೆ: ಒಂದು ಪ್ಲಾಂಟು, ಇಪ್ಪತ್ತೈದು ಮೀಟರು

ಸ್ವಂತ ಮನೆಯ ನೆಟ್ ಮೀಟರಿಂಗ್ ಎಲ್ಲರಿಗೂ ಗೊತ್ತು. ತಾರಸಿಯ ಪ್ಯಾನೆಲ್ ಮನೆಯ ಮೀಟರಿಗೇ ಸೇರುತ್ತದೆ, ಎರಡೂ ಕಡೆ ಎಣಿಸುವ ಮೀಟರು ಕೊಟ್ಟದ್ದನ್ನು ಪಡೆದದ್ದರಿಂದ ಕಳೆಯುತ್ತದೆ. ಅಪಾರ್ಟ್‌ಮೆಂಟಿಗೆ ಬೇಕಾದದ್ದು ವರ್ಚುವಲ್ ನೆಟ್ ಮೀಟರಿಂಗ್. ಪ್ಲಾಂಟಿನ ಪೂರ್ತಿ ಉತ್ಪಾದನೆ ಒಂದು ಮೀಟರಿನಲ್ಲಿ ದಾಖಲಾಗಿ ಗ್ರಿಡ್‌ಗೆ ಹೋಗುತ್ತದೆ, ಆ ಅಂಕಿಯನ್ನು ನಮ್ಮ ಅನುಪಾತದಂತೆ ಒಡೆದು ಪ್ರತಿ ಮನೆಯ ಬಿಲ್ಲಿನಲ್ಲಿ ಕಳೆಯಲಾಗುತ್ತದೆ. ಮನೆಮನೆಗೆ ವೈರ್ ಎಳೆಯಬೇಕಿಲ್ಲ. ದೆಹಲಿಯ ವಿದ್ಯುತ್ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಮಾಡಿತು. ಈ ವಿಧಾನ ನಮ್ಮ ಉಪವಿಭಾಗದ ಕೌಂಟರಿನಲ್ಲಿ ಸಲೀಸಾಗಿ ನಡೆಯಬೇಕಾದರೆ ಮೂರು ಸಂಗತಿ ಬೇಕು.

ಮೊದಲನೆಯದು ಮಂಜೂರಾದ ಲೋಡಿನ ಲೆಕ್ಕ. ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳು ನೆಟ್ ಮೀಟರಿಂಗ್ ಸಾಮರ್ಥ್ಯಕ್ಕೆ ಮಂಜೂರಾದ ಲೋಡಿನ ಗಡಿ ಹಾಕಿವೆ. ನಮ್ಮ ಸಾಮಾನ್ಯ ಮೀಟರಿನ ಲೋಡ್ 10 ಕಿಲೋವ್ಯಾಟ್. ಅದೊಂದನ್ನೇ ನೋಡಿದರೆ 20 ಕಿಲೋವ್ಯಾಟ್ ಪ್ಲಾಂಟಿಗೆ ಅರ್ಧಕ್ಕೇ ಕತ್ತರಿ ಬೀಳುತ್ತದೆ. ಮನೆಗೆ 3ರಂತೆ 24 ಮನೆಗೆ 72, ಸಾಮಾನ್ಯ 10 ಸೇರಿ 82 ಕಿಲೋವ್ಯಾಟ್. ಹಂಚಿಕೆಯಲ್ಲಿ ಸೇರುವ ಎಲ್ಲ ಸಂಪರ್ಕಗಳ ಮೊತ್ತವನ್ನೇ ಗಡಿಯಾಗಿ ಹಿಡಿಯಬೇಕು. ಎರಡನೆಯದು ಕಾಲಮಿತಿ. 2024ರ ಫೆಬ್ರುವರಿಯ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆಯೇ ಬೇಕಿಲ್ಲ, ಅದಕ್ಕಿಂತ ದೊಡ್ಡದಕ್ಕೆ 15 ದಿನ. ಇಪ್ಪತ್ತೈದು ಆರ್‌ಆರ್ ನಂಬರ್ ಇವೆಯೆಂದು ಇದನ್ನು ಇಪ್ಪತ್ತೈದು ಅರ್ಜಿ ಎಂದು ಪರಿಗಣಿಸಬಾರದು. ಒಂದು ಅರ್ಜಿ, ಒಂದು ಅನುಪಾತ ಪಟ್ಟಿ ಸಾಕು.

ಮೂರನೆಯದನ್ನು ಒತ್ತಿ ಹೇಳುತ್ತೇವೆ. ಪ್ರತಿ ಮನೆಯ ಬಿಲ್ಲಿನಲ್ಲಿ ನಾಲ್ಕು ಅಂಕಿ ಕಾಣಬೇಕು: ಆ ತಿಂಗಳು ಪ್ಲಾಂಟಿನ ಒಟ್ಟು ಉತ್ಪಾದನೆ, ಈ ಮನೆಯ ಶೇಕಡಾವಾರು, ಬಂದ ಕ್ರೆಡಿಟ್, ಮುಂದಿನ ತಿಂಗಳಿಗೆ ಉಳಿದ ಕ್ರೆಡಿಟ್. ಈ ನಾಲ್ಕಿದ್ದರೆ ಹತ್ತನೇ ತರಗತಿಯ ಹುಡುಗನೂ ಬಿಲ್ ತಾಳೆ ನೋಡಬಲ್ಲ. ಬರೀ ‘ಸೋಲಾರ್ ಹೊಂದಾಣಿಕೆ’ ಎಂದು ಒಂದೇ ಮೊತ್ತ ಅಚ್ಚಾದರೆ ತಪ್ಪು ಎಲ್ಲಾಗಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

7. ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ

ಇದು ಬೆಸ್ಕಾಂಗಲ್ಲ, ನಮಗೆ ನಾವೇ ಹಾಕಿಕೊಳ್ಳುವ ಒತ್ತಾಯ. ನಮ್ಮ 24ರಲ್ಲಿ ಐದು ಮನೆಗಳ ಬಿಲ್ ಇವತ್ತಿಗೂ ಬಿಲ್ಡರ್ ಹೆಸರಿನಲ್ಲಿ ಬರುತ್ತಿದೆ. ಇನ್ನೊಂದು ಮನೆಯದು ತೀರಿಹೋದ ತಂದೆಯವರ ಹೆಸರಿನಲ್ಲಿದೆ. ಅರ್ಜಿ ಹಾಕುವ ಮೊದಲು ಹೆಸರು ವರ್ಗಾವಣೆ ಮುಗಿಯಬೇಕು, ಒಂದು ಮನೆಯ ಕಾಗದ ಸರಿಯಿಲ್ಲವೆಂದರೆ ಇಪ್ಪತ್ತಮೂರು ಮನೆ ಕಾಯಬೇಕಾಗುತ್ತದೆ. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಕ್ರೆಡಿಟ್ ಬಿಲ್ಲಿನಲ್ಲೇ ಇರುವುದರಿಂದ ಬಾಡಿಗೆದಾರರಿಗೇ ಹೋಗುತ್ತದೆ, ಬಂಡವಾಳ ಹಾಕಿದ ಮಾಲೀಕರು ಅದನ್ನು ಕರಾರು ಪತ್ರದಲ್ಲಿ ಮಾತಾಡಿಕೊಳ್ಳಲಿ, ಸಂಘ ತಲೆ ಹಾಕುವುದು ಬೇಡ. ಮನೆ ಮಾರಿದರೆ ಪಾಲು ಮನೆಯ ಜೊತೆಗೇ ಹೋಗುತ್ತದೆ. ‘ಪ್ಯಾನೆಲ್ ಹಣ ವಾಪಸು ಕೊಡಿ’ ಎಂದು ಯಾರೂ ಸಂಘಕ್ಕೆ ಬರುವಂತಿಲ್ಲ.

8. ಸಬ್ಸಿಡಿ ನಂಬಿ ಚೀಟಿ ಎತ್ತಬೇಡಿ

ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘದ ಸಾಮಾನ್ಯ ಸೌಲಭ್ಯಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಇದೆ. 20 ಕಿಲೋವ್ಯಾಟಿಗೆ 3.6 ಲಕ್ಷ. ಅದು ಪೂರ್ತಿ ಸಿಕ್ಕರೆ ನಮ್ಮ ಖರ್ಚು 7.4 ಲಕ್ಷಕ್ಕೆ ಇಳಿಯುತ್ತದೆ. ತಿಂಗಳಿಗೆ 2,300 ಯೂನಿಟ್ಟಿನಂತೆ ವರ್ಷಕ್ಕೆ 1.6 ಲಕ್ಷ ರೂಪಾಯಿ ಉಳಿದರೆ ಹಾಕಿದ ಹಣ ನಾಲ್ಕೂವರೆ ವರ್ಷದಲ್ಲಿ ತೀರುತ್ತದೆ, ಸಬ್ಸಿಡಿ ಇಲ್ಲದಿದ್ದರೆ ಸುಮಾರು ಏಳು ವರ್ಷ. ‘ಸಾಮಾನ್ಯ ಸೌಲಭ್ಯ’ ಎಂಬ ಪದವನ್ನು ಗಮನಿಸಿ. ನಮ್ಮ ಪ್ಲಾಂಟಿನ ಅರ್ಧ ಮನೆಗಳಿಗೆ ಹೋಗುತ್ತದೆ. ಆದ್ದರಿಂದ 11 ಲಕ್ಷವನ್ನೇ ಲೆಕ್ಕಕ್ಕೆ ಹಿಡಿದು ಹಣ ಎತ್ತಿ, ಸಬ್ಸಿಡಿ ಖಾತೆಗೆ ಬಂದ ದಿನ ಅದೇ ಅನುಪಾತದಲ್ಲಿ ವಾಪಸು ಕೊಡಿ.

ಪಿಂಚಣಿಯಲ್ಲಿರುವ ಮೂವರು ಒಂದೇ ಸಲ ಕೊಡಲಾಗದು ಎಂದಿದ್ದಾರೆ. ಅವರಿಗೆ 24 ಕಂತು. ಕಂತು ಮುಗಿಯುವವರೆಗೆ ಅವರ ಕ್ರೆಡಿಟ್ಟನ್ನು ಹಿಡಿದಿಡುವ ಸಲಹೆಯನ್ನು ತಿರಸ್ಕರಿಸುತ್ತೇವೆ. ಇದಲ್ಲದೆ ತಿಂಗಳಿಗೆ ಯೂನಿಟ್ಟಿಗೊಂದು ರೂಪಾಯಿಯಂತೆ 2,300 ರೂಪಾಯಿಯನ್ನು ಇನ್‌ವರ್ಟರ್ ನಿಧಿಗೆ ಎತ್ತಿಡಬೇಕು. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳಿದರೂ ಇನ್‌ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ.

9. ದಿನದ ರೀಡಿಂಗ್ ನೋಟಿಸ್ ಬೋರ್ಡಿನಲ್ಲಿ

ಹಂಚಿಕೆ ಎಷ್ಟೇ ನ್ಯಾಯವಾಗಿದ್ದರೂ ಹಂಚಲು ಯೂನಿಟ್ ಹುಟ್ಟಬೇಕಲ್ಲ. ನಮ್ಮ 20 ಕಿಲೋವ್ಯಾಟ್ ಮೋಡವಿಲ್ಲದ ದಿನ 80 ಯೂನಿಟ್ಟಿನ ಸುತ್ತ ಕೊಡಬೇಕು. ಕಾವಲುಗಾರರು ಸಂಜೆ ಆರಕ್ಕೆ ಉತ್ಪಾದನಾ ಮೀಟರಿನ ಆ ದಿನದ ಅಂಕಿಯನ್ನು ಬೋರ್ಡಿನಲ್ಲಿ ಬರೆಯಲಿ. ಮಾರ್ಚಿನ ಬಿಸಿಲಲ್ಲೂ 40ಕ್ಕೆ ಥಟ್ಟನೆ ಬಿದ್ದರೆ ಒಂದು ಸಾಲಿನ ಪ್ಯಾನೆಲ್‌ಗಳು ಪೂರ್ತಿ ನಿಂತಿರಬಹುದು, ಫ್ಯೂಸ್ ಹೋಗಿರಬಹುದು ಇಲ್ಲವೇ ಕನೆಕ್ಟರ್ ಸುಟ್ಟಿರಬಹುದು. ವಾರ ವಾರಕ್ಕೆ ಒಂದೆರಡು ಯೂನಿಟ್ಟಿನಂತೆ ಮೆಲ್ಲಗೆ ಇಳಿದರೆ ಅದು ಧೂಳು. ಇಲ್ಲಿ ಸುತ್ತ ಎಲ್ಲೆಲ್ಲೂ ಕಟ್ಟಡ ಕೆಲಸ, ಹೆಬ್ಬಾಳದ ಕಡೆಯಂತೂ ಕೇಳುವುದೇ ಬೇಡ, ಹದಿನೈದು ದಿನದಲ್ಲಿ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ತೊಳೆಯುವುದು ಬೆಳಿಗ್ಗೆ ಏಳರೊಳಗೆ, ಗಾಜು ಕಾಯುವ ಮುಂಚೆ. ಬೋರ್‌ವೆಲ್ ನೀರು ಹಾಕಬಾರದು. ಒಣಗಿದ ಮೇಲೆ ನಮ್ಮ ಸ್ಟೀಲ್ ಪಾತ್ರೆಗಳ ಮೇಲೆ ಕೂರುವ ಬಿಳಿ ಪೊರೆಯೇ ಪ್ಯಾನೆಲ್ ಮೇಲೂ ಕೂರುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಕಾವೇರಿ ನೀರು ಬರುವ ದಿನ ಎರಡು ಡ್ರಮ್ ಹಿಡಿದಿಟ್ಟರೆ ಸಾಕು.

ಪ್ರತಿದಿನ ಒಂದೇ ಹೊತ್ತಿಗೆ ಉತ್ಪಾದನೆ ಇಳಿದು ಮತ್ತೆ ಏರಿದರೆ ಅದು ಹೊಸ ನೆರಳು, ಪಕ್ಕದ ಸೈಟಿನಲ್ಲಿ ಕಟ್ಟಡ ಮೇಲೆದ್ದಿದೆ. ಅದಕ್ಕೆ ಮದ್ದಿಲ್ಲ, ಆದರೆ ಗೊತ್ತಾದರೆ ಆ ಸಾಲನ್ನು ಬೇರೆಡೆಗೆ ಸರಿಸಬಹುದು.

10. ಎರಡು ಸತ್ಯಗಳನ್ನು ಎಲ್ಲರಿಗೂ ಮೊದಲೇ ಹೇಳಿ

ಕರೆಂಟ್ ಹೋದಾಗ ಈ ಪ್ಲಾಂಟೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಇನ್‌ವರ್ಟರ್ ತಾನೇ ಆಫ್ ಆಗುತ್ತದೆ. ಲಿಫ್ಟಿಗೆ ಜನರೇಟರ್ ಬೇಕೇ ಬೇಕು. ಮತ್ತೆ, ಸೋಲಾರಿನಿಂದ ಬಿಲ್ ಸೊನ್ನೆಯಾಗುವುದಿಲ್ಲ. 2025-26ರ ದರದಲ್ಲಿ ಕಿಲೋವ್ಯಾಟಿಗೆ 145 ರೂಪಾಯಿಯ ನಿಗದಿತ ಶುಲ್ಕ, ಪೂರ್ತಿ ಬಿಲ್ ಕಟ್ಟುವ 3 ಕಿಲೋವ್ಯಾಟ್ ಮನೆಗೆ 435 ರೂಪಾಯಿ, ಬಿಸಿಲಿದ್ದರೂ ಇಲ್ಲದಿದ್ದರೂ ಕಟ್ಟಬೇಕು.

ಸಮಿತಿಯವರೆ, ಒಂದರಿಂದ ಐದರವರೆಗಿನ ಮತ್ತು ಏಳರಿಂದ ಹತ್ತರವರೆಗಿನ ಅಂಶಗಳು ನಿಮ್ಮ ಕೈಯಲ್ಲೇ ಇವೆ. ಐದರಲ್ಲಿ ಆಯೋಗವೂ ಬೆಸ್ಕಾಂ ಕೂಡ ಉತ್ತರಿಸಬೇಕಾದ ಭಾಗವಿದೆ, ಆರನೆಯದು ಪೂರ್ತಿ ಬೆಸ್ಕಾಂನದು. ಅನುಪಾತ ಪಟ್ಟಿಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇವೆ, 24 ಮನೆಗಳ ಪೈಕಿ 21 ಮನೆಯವರು ಸಹಿ ಹಾಕಿದ್ದಾರೆ. ಉಳಿದ ಮೂವರು ಊರಿನಲ್ಲಿಲ್ಲ. ನಿರ್ಣಯ ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾದ ಮರುದಿನ ಮೊದಲ ಕಂತಿನ ಚೆಕ್ ಬರೆಯುತ್ತೇವೆ, ಅದಕ್ಕೂ ಮೊದಲು ಬರೆಯುವುದಿಲ್ಲ.

ಇತಿ,
ಯಲಹಂಕದ ಫ್ಲ್ಯಾಟ್ ಮಾಲೀಕರು